‘ನೀವೇ ಕೇಳಿ’ ಎಂದರೆ ಏನನ್ನು ಕೇಳಬೇಕು? ಮಾರುಕಟ್ಟೆ ಮತ್ತು ಆಟೊ ಮಾತಿನ ಬಗ್ಗೆ ಒಂದು ಪ್ರಶ್ನೆ

ಶಂಕರಪುರದವಳು

ನನ್ನ ಮನೆಮಾತು ಕನ್ನಡವೇ. ಉಡುಪಿಯ ಕಡೆಯವಳು, ಮೈಸೂರಿಗೆ ಬಂದು ಎಂಟು ತಿಂಗಳಾಯಿತು. ಹೊರರಾಜ್ಯದವರಿಗೆ ಭಾಷೆ ತಿಳಿಯದೆ ಗೊಂದಲವಾಗುವುದು ಸಹಜ, ಆದರೆ ಪ್ರತಿಯೊಂದು ಪದವೂ ಗೊತ್ತಿದ್ದು ನಾನು ಪೇಚಿಗೆ ಸಿಕ್ಕಿದ್ದೇನೆ. ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

ಕಳೆದ ವಾರ ದೇವರಾಜ ಮಾರುಕಟ್ಟೆಯ ಹೊರಗೆ ರಸ್ತೆ ಬದಿಯಲ್ಲಿ ಬಿದಿರಿನ ಮೊರ ಮಾರುತ್ತಿದ್ದವರ ಬಳಿ ಬೆಲೆ ವಿಚಾರಿಸಿದೆ. 350 ರೂಪಾಯಿ ಎಂದರು. ಹೆಚ್ಚಾಯಿತು ಎಂದೆ. ಅವರು ‘ನೀವೇ ಕೇಳಿ ಅಕ್ಕಾ’ ಎಂದರು. ಏನೋ ಹೇಳಲಿದ್ದಾರೆ, ನಾನು ಕೇಳಿಸಿಕೊಳ್ಳಬೇಕು ಎಂದುಕೊಂಡು ಸುಮ್ಮನೆ ನಿಂತೆ. ಅವರೂ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ‘ಕೇಳಿ, ಪರವಾಗಿಲ್ಲ’ ಎಂದರು. ಪ್ರಶ್ನೆ ಕೇಳಲು ಹೇಳುತ್ತಿರಬೇಕೆಂದು ‘ಇದು ಯಾವ ಊರಿನ ಬಿದಿರು?’ ಎಂದು ಕೇಳಿದೆ. ಪಕ್ಕದ ಅಂಗಡಿಯವರು ನಕ್ಕರು. ಕೊನೆಗೆ ತಮಾಷೆಗೆಂಬಂತೆ ‘ಇನ್ನೂರು’ ಎಂದಾಗ ಅವರು ತಕ್ಷಣ ‘ತಗೊಳ್ಳಿ’ ಎಂದು ಮೊರವನ್ನು ನನ್ನ ಕೈಗಿಟ್ಟರು. ಅಷ್ಟು ಬೇಗ ಒಪ್ಪಿದ್ದಕ್ಕೆ ನನಗೆ ಅನುಮಾನವಾಗಿ, ಇನ್ನೊಂದು ಸಲ ಬರುತ್ತೇನೆ ಎಂದು ಹೊರಟೆ. ಅವರಿಗೆ ವಿಪರೀತ ಸಿಟ್ಟು ಬಂತು. ‘ಕೇಳಿ ಬಿಟ್ಟು ಹೋಗ್ತೀರಲ್ಲಾ, ಬೋಣಿ ಟೈಮಲ್ಲಿ’ ಎಂದು ಗೊಣಗಿದರು. ನಾನು ಮಾಡಿದ ತಪ್ಪೇನು?

ಹೂವಿನ ಕಥೆಯೂ ಇಂಥದ್ದೇ. ನಮ್ಮ ಕಡೆ ಮಲ್ಲಿಗೆಯನ್ನು ಚೆಂಡಿನ ಲೆಕ್ಕದಲ್ಲಿ ಕೊಳ್ಳುತ್ತೇವೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಇಲ್ಲಿ ‘ಒಂದು ಚೆಂಡು ಕೊಡಿ’ ಎಂದದ್ದಕ್ಕೆ ಹೂವಿನಮ್ಮ ಹಳದಿ ಚೆಂಡು ಹೂವನ್ನು ತೂಕಕ್ಕೆ ಹಾಕಿದರು.

ತರಕಾರಿ ಗಾಡಿ

ನನ್ನ ತಂದೆ ಬೆಂಗಳೂರಿನಲ್ಲಿ ಮೂವತ್ತು ವರ್ಷ ತಳ್ಳುಗಾಡಿಯಲ್ಲಿ ತರಕಾರಿ ಮಾರಿದವರು. ಶಾಲೆ ಬಿಟ್ಟ ಮೇಲೆ ಸಂಜೆಯ ಹೊತ್ತು ಗಾಡಿಯ ಬಳಿ ನಿಲ್ಲುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಆ ಮೊರದವರ ಸಿಟ್ಟು ನನಗೆ ಅರ್ಥವಾಗುತ್ತದೆ, ತಾವು ತಬ್ಬಿಬ್ಬಾದದ್ದೂ ಅರ್ಥವಾಗುತ್ತದೆ.

ವ್ಯಾಪಾರದಲ್ಲಿ ಬೆಲೆ ‘ಹೇಳುವುದು’ ಮಾರುವವನ ಕೆಲಸ, ‘ಕೇಳುವುದು’ ಕೊಳ್ಳುವವರ ಕೆಲಸ. ಇಲ್ಲಿ ಕೇಳುವುದೆಂದರೆ ಆಲಿಸುವುದೂ ಅಲ್ಲ, ವಿಚಾರಿಸುವುದೂ ಅಲ್ಲ, ‘ಇಷ್ಟಕ್ಕೆ ಕೊಡುತ್ತೀಯಾ’ ಎಂದು ತಮ್ಮ ಬೆಲೆಯನ್ನು ಬಾಯಿಬಿಟ್ಟು ಹೇಳುವುದು. ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ‘ಆ ಯಮ್ಮ ಮೂವತ್ತಕ್ಕೆ ಕೇಳಿದ್ಲು, ನಾನು ಬಿಡಲಿಲ್ಲ’ ಎನ್ನುತ್ತಿದ್ದರು. ಈ ‘ಬಿಡುವುದು’ ಎಂದರೆ ಆ ಬೆಲೆಗೆ ಮಾಲು ಕೊಡುವುದು. ಅದೇ ಪದವನ್ನು ಕೊಳ್ಳುವವರಿಗೆ ಹಚ್ಚಿ ‘ಕೇಳಿ ಬಿಟ್ಟು ಹೋದರು’ ಎಂದರೆ ಬೈಗುಳಕ್ಕೆ ಹತ್ತಿರವಾಗುತ್ತದೆ.

ಕಾರಣ ಇಷ್ಟೇ. 350 ಎಂದು ಅವರು ಹೇಳಿದ್ದು ಕೇವಲ ಆರಂಭ, ಅದರಿಂದ ಯಾರಿಗೂ ಯಾವ ಕಟ್ಟುಪಾಡೂ ಇಲ್ಲ. ಹೆಚ್ಚಾಯಿತು ಎಂದು ತಾವು ಆ ಕ್ಷಣದಲ್ಲೇ ಹೊರಟಿದ್ದರೆ ಅವರು ಬೇಸರಪಡುತ್ತಿರಲಿಲ್ಲ. ಆದರೆ ತಾವು ಇನ್ನೂರಕ್ಕೆ ಕೇಳಿ, ಅವರು ತಗೊಳ್ಳಿ ಎಂದ ಮೇಲೆ ವ್ಯಾಪಾರ ಮುಗಿದಂತೆಯೇ ಲೆಕ್ಕ, ದುಡ್ಡು ಕೈ ಬದಲಾಗುವುದಷ್ಟೇ ಬಾಕಿ. ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಅಕ್ಕಪಕ್ಕದವರ ಎದುರಿಗೆ ‘ಇವನು ಇನ್ನೂರಕ್ಕೂ ಕೊಡುತ್ತಾನೆ’ ಎಂಬುದು ಬಯಲಾಗುತ್ತದೆ. ಮುಂದಿನ ಗಿರಾಕಿ ಅಲ್ಲೇ ನಿಂತಿದ್ದರೆ 350 ಎಂದು ಹೇಳಲು ಆ ಮನುಷ್ಯನಿಗೆ ಬಾಯಿ ಬರುವುದಿಲ್ಲ.

ಬೇಡ ಎನ್ನುವ ಮಾತುಗಳಲ್ಲಿಯೂ ಮೆಟ್ಟಿಲುಗಳಿವೆ. ‘ಆಗಲ್ಲ’ ಎಂದರೆ ಇನ್ನೂ ಮಾತಾಡಬಹುದು. ‘ಆ ರೇಟಿಗೆ ಬರಲ್ಲ’, ‘ಗಿಟ್ಟಲ್ಲ’ ಎಂದರೆ ತಾವು ಕೇಳಿದ್ದು ಕಡಿಮೆಯಾಯಿತು, ಸ್ವಲ್ಪ ಮೇಲೆ ಬನ್ನಿ ಎಂದು. ‘ಅಸಲೇ ಹುಟ್ಟಲ್ಲ’ ಎಂದರೆ ಹಾಕಿದ ಬಂಡವಾಳವೇ ಮರಳುವುದಿಲ್ಲ ಎಂದು. ಹೊಸಬರು ಇವೆಲ್ಲವನ್ನೂ ನಾಟಕವೆಂದು ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಮಾತು ನಂಬಿಕೆ ಬಾರದಿದ್ದರೆ ಕೈ ನೋಡಿ ಎಂದು ಅಪ್ಪ ಹೇಳುತ್ತಿದ್ದರು. ‘ಬರಲ್ಲ’ ಎನ್ನುತ್ತಲೇ ಕೈ ಚೀಲದ ಕಡೆ ಹೋದರೆ ಇನ್ನು ಐದೋ ಹತ್ತೋ ರೂಪಾಯಿಯ ಅಂತರ ಮಾತ್ರ ಉಳಿದಿದೆ. ಕೈ ಗೋಣಿ ಸರಿಪಡಿಸಲು, ಟೊಮೊಟೊ ಮೇಲೆ ನೀರು ಚಿಮುಕಿಸಲು ಹೋಯಿತೆಂದರೆ ಮಾತು ಮುಗಿಯಿತು.

ಹೊಸಕೆರೆ

ನಾನು ಬೆಂಗಳೂರಿನಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಮೇಲಿನ ವಿವರಣೆ ಚೆನ್ನಾಗಿದೆ, ಆದರೆ ವ್ಯಾಪಾರಿಗಳನ್ನು ತುಸು ಹೆಚ್ಚೇ ಮುಗ್ಧರನ್ನಾಗಿ ಮಾಡಿದೆ. ಬೋಣಿಯೆಂದರೆ ದಿನದ ಮೊದಲ ವ್ಯಾಪಾರ, ಅದು ಬೆಳಗ್ಗೆ ಆರು ಏಳು ಗಂಟೆಗೇ ಆಗಿಹೋಗಿರುತ್ತದೆ. ಹನ್ನೊಂದು ಗಂಟೆಗೂ ‘ಇನ್ನೂ ಬೋಣಿ ಆಗಿಲ್ಲ ಸಾರ್’ ಎಂದು ಅನುಕಂಪ ಗಿಟ್ಟಿಸುವುದು ಒಂದು ತಂತ್ರವಲ್ಲದೆ ಬೇರೇನೂ ಅಲ್ಲ. ಆಟೊದವರ ‘ಒಂದೂವರೆ’ಯೂ ಅದೇ ಜಾತಿಯದು. ಮೀಟರಿನ ಮೇಲೆ ಅರ್ಧ ಹೆಚ್ಚಿಗೆ ಕೇಳುವುದು ಯಾವ ಹೊತ್ತಿನಲ್ಲಾದರೂ ಮೋಸವೇ.

ತರಕಾರಿ ಗಾಡಿ

ತಂತ್ರವಾಗಿ ಬಳಸುವವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬೋಣಿಗೆ ಗಡಿಯಾರವಿಲ್ಲ. ತರಕಾರಿಯವನಿಗೆ ಆರು ಗಂಟೆಗೆ ಆಗುತ್ತದೆ, ಮೊರ, ಬುಟ್ಟಿ, ಚಾಪೆ ಮಾರುವವರಿಗೆ ಮಧ್ಯಾಹ್ನವಾದರೂ ಆಗದಿರಬಹುದು, ಮಳೆಗಾಲದಲ್ಲಿ ಕೆಲವೊಮ್ಮೆ ದಿನವಿಡೀ ಆಗುವುದಿಲ್ಲ.

‘ಬೋಣಿ ಆಗಿಲ್ಲ’ ಎಂಬುದು ಅನುಕಂಪ ಬೇಡುವ ಮಾತೆಂದು ತಾವು ಓದಿಕೊಂಡಿದ್ದೀರಿ. ನಾನು ಕಂಡಂತೆ ಅದು ಹೆಚ್ಚಾಗಿ ಎಚ್ಚರಿಕೆಯ ಮಾತು. ಐನೂರರ ನೋಟು ಕೊಡಬೇಡಿ, ಚಿಲ್ಲರೆ ಇಲ್ಲ ಎಂಬುದು ಒಂದು. ಸಾಲ ಕೇಳಬೇಡಿ ಎಂಬುದು ಇನ್ನೊಂದು, ಏಕೆಂದರೆ ಬೋಣಿಯೇ ಸಾಲವಾದರೆ ದಿನವೆಲ್ಲ ಹಾಗೇ ನಡೆಯುತ್ತದೆಂಬ ನಂಬಿಕೆ. ಎಲ್ಲಕ್ಕಿಂತ ಮುಖ್ಯವಾಗಿ, ಕೇಳಿ ಬಿಟ್ಟು ಹೋಗಬೇಡಿ ಎಂದು. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಪ್ಪ ಲಾಭವನ್ನೇ ಬಿಟ್ಟು ಅಸಲಿಗೆ ಕೊಟ್ಟದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬಂದ ಹಣವನ್ನು ಕಣ್ಣಿಗೊತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ, ಆಮೇಲೆ ಗೋಣಿಯ ಕೆಳಗೆ ಇಡುತ್ತಿದ್ದರು. ನಮ್ಮ ಬೀದಿಯ ಸೊಪ್ಪಿನವ್ವ ಈಗಲೂ ಬೋಣಿಗೆ ಮಾತ್ರ ನಗದು ಕೊಡಿ ಎನ್ನುತ್ತಾರೆ. ಆಮೇಲೆ ಫೋನಿನಲ್ಲಿ ಹಾಕಿದರೂ ಅವರಿಗೆ ಅಭ್ಯಂತರವಿಲ್ಲ.

ಶಂಕರಪುರದವರೇ, ತಮಗೆ ಇನ್ನೂರಕ್ಕೆ ಥಟ್ಟನೆ ಒಪ್ಪಿದ್ದು ಮೊರ ಕಳಪೆಯೆಂದಲ್ಲ, ತಾವು ಬೋಣಿಯ ಗಿರಾಕಿಯಾಗಿದ್ದಿರಿ ಎಂದು. ಅಷ್ಟು ಇಳಿದ ಮೇಲೂ ಬಿಟ್ಟು ಹೋದದ್ದೇ ಅವರ ಹೊಟ್ಟೆ ಉರಿಸಿದ್ದು.

ಮೂರು ಚಕ್ರ

ಹೊಸಕೆರೆಯವರ ಮಾತಿಗೆ ನಾನು ಉತ್ತರ ಕೊಡಬಹುದು. ಇಪ್ಪತ್ತೆರಡು ವರ್ಷ ಬೆಂಗಳೂರಿನಲ್ಲಿ ಆಟೊ ಓಡಿಸಿದ್ದೇನೆ, ಈಗ ಮಂಡಿ ನೋವಿನಿಂದ ಗಾಡಿಯನ್ನು ತಮ್ಮನಿಗೆ ಕೊಟ್ಟಿದ್ದೇನೆ. ಒಂದೂವರೆ ಎಂಬುದು ನಮ್ಮ ಆವಿಷ್ಕಾರವಲ್ಲ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಮೀಟರಿನ ಒಂದೂವರೆ ಪಟ್ಟು ತೆಗೆದುಕೊಳ್ಳಲು ನಿಯಮವೇ ಇದೆ. ಸಂಜೆ ಏಳು ಗಂಟೆಗೆ ಮಳೆ ಬಂತೆಂದು ಒಂದೂವರೆ ಕೇಳುವುದು ನಿಯಮಕ್ಕೆ ವಿರುದ್ಧ. ಕೇಳುವವರಿದ್ದಾರೆ, ನಾನೂ ಕೇಳಿದ್ದೇನೆ, ಸುಳ್ಳು ಹೇಳುವುದಿಲ್ಲ.

ಆದರೆ ಜಗಳ ಹುಟ್ಟುವುದು ಹೆಚ್ಚಾಗಿ ಲೆಕ್ಕದಲ್ಲಿ. 2025ರ ಆಗಸ್ಟ್‌ನಿಂದ ಬೆಂಗಳೂರಿನ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಏಳು ಕಿಲೋಮೀಟರ್ ಹೋದರೆ 126 ಆಗುತ್ತದೆ. ರಾತ್ರಿ ಹನ್ನೊಂದಕ್ಕೆ ಅದೇ ದಾರಿಗೆ 189. ‘ಒಂದೂವರೆ ಆಗುತ್ತೆ’ ಎಂದಾಗ ಒಬ್ಬ ಹುಡುಗ ಅದನ್ನು ನೂರೈವತ್ತು ಎಂದು ತಿಳಿದು ಹತ್ತಿದ. ಇಳಿದ ಮೇಲೆ ಮೂವತ್ತೊಂಬತ್ತು ರೂಪಾಯಿಗಾಗಿ ಇಬ್ಬರೂ ಅವನ ಮನೆಯ ಬಾಗಿಲಲ್ಲಿ ಹದಿನೈದು ನಿಮಿಷ ಕಿರುಚಾಡಿದೆವು. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಪ್ರಾಮಾಣಿಕರೇ ಆಗಿದ್ದೆವು. ‘ಮೀಟರ್ ಮೇಲೆ ಮೂವತ್ತು’ ಎಂಬುದಾದರೆ ಬೇರೆ, ಅದು ಬರೀ ಕೂಡಿಸುವ ಲೆಕ್ಕ: 126ಕ್ಕೆ 30 ಸೇರಿ 156. ಇದಕ್ಕೆ ಯಾವ ನಿಯಮದ ಆಧಾರವೂ ಇಲ್ಲ, ಒಪ್ಪುವುದೂ ಬಿಡುವುದೂ ಹತ್ತುವವರಿಗೆ ಸೇರಿದ್ದು.

ಇನ್ನು ‘ಬಾಡಿಗೆ’. ಚಾಲಕರ ಮಾತಿನಲ್ಲಿ ಬಾಡಿಗೆ ಎಂದರೆ ಒಂದು ಸವಾರಿ. ‘ಬೆಳಗ್ಗೆಯಿಂದ ಬಾಡಿಗೆ ಇಲ್ಲ’ ಎಂದರೆ ಯಾರೂ ಹತ್ತಲಿಲ್ಲ ಎಂದು. ‘ಏರ್‌ಪೋರ್ಟ್ ಬಾಡಿಗೆ ಬಿತ್ತು’ ಎಂದರೆ ಅದೃಷ್ಟ ಖುಲಾಯಿಸಿತು ಎಂದು. ಗಾಡಿ ಸ್ವಂತದ್ದಲ್ಲದಿದ್ದರೆ ಮಾಲೀಕನಿಗೆ ದಿನಕ್ಕಿಷ್ಟು ಎಂದು ಕಟ್ಟಬೇಕು, ಅದನ್ನೂ ಬಾಡಿಗೆ ಎಂದೇ ಕರೆಯುತ್ತೇವೆ. ಹಾಗಾಗಿ ‘ಇವತ್ತು ಬಾಡಿಗೆನೇ ಹುಟ್ಟಲಿಲ್ಲ’ ಎಂದು ಒಬ್ಬ ಹೇಳಿದರೆ, ದಿನವೆಲ್ಲ ಓಡಿಸಿದ್ದು ಮಾಲೀಕನಿಗೆ ಕೊಡುವುದಕ್ಕೂ ಸಾಲಲಿಲ್ಲ ಎಂದು ಅರ್ಥ. ಹಿಂದಿನ ಸೀಟಿನಲ್ಲಿ ಕುಳಿತವರು ಇದನ್ನು ಮನೆ ಬಾಡಿಗೆಯೆಂದು ತಿಳಿದು ‘ಎಷ್ಟು ಅಡ್ವಾನ್ಸ್ ಕೊಟ್ಟಿದ್ದೀರಿ’ ಎಂದು ವಿಚಾರಿಸಿದ್ದುಂಟು.

ನಿವೃತ್ತ ಮೇಷ್ಟ್ರು

ಎಲ್ಲರ ಬರಹಗಳನ್ನೂ ಓದಿದೆ. ಮಚ್ಚಾ, ಡವ್, ಕಿರಿಕ್ ಮುಂತಾದ ಪದಗಳು ನಮ್ಮ ಮಕ್ಕಳ ನಾಲಿಗೆಯನ್ನು ಕೆಡಿಸಿವೆ. ಇಂತಹ ಬೀದಿಮಾತನ್ನು ದಾಖಲಿಸುವುದಕ್ಕಿಂತ ತಿದ್ದುವುದು ಒಳ್ಳೆಯದು. ನನ್ನ ಮೊಮ್ಮಗನು ಪೊಲೀಸರನ್ನು ಮಾಮ ಎನ್ನುತ್ತಾನೆ. ನಮ್ಮ ಸಂಬಂಧಿಕರಲ್ಲಿ ಪೊಲೀಸ್ ಇಲಾಖೆಯವರು ಯಾರೂ ಇಲ್ಲ.

ಮೂರು ಚಕ್ರ

ಮೇಷ್ಟ್ರೇ, ಅದು ನಮ್ಮಿಂದಲೇ ಹೋಗಿರಬಹುದು, ಕ್ಷಮಿಸಿ. ಎದುರಿನಿಂದ ಬರುವ ಚಾಲಕ ‘ಮುಂದೆ ಮಾಮ ನಿಂತವ್ನೆ’ ಎಂದರೆ ಸಮವಸ್ತ್ರ ಹಾಕಿಕೊಳ್ಳಲು, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡವನನ್ನು ಇಳಿಸಲು ನಮಗೆ ಅರ್ಧ ನಿಮಿಷ ಸಿಗುತ್ತದೆ. ಆದರೆ ಇಲ್ಲಿ ಚರ್ಚೆಯಾಗುತ್ತಿರುವುದು ಅಂಥ ಪದಗಳಲ್ಲ. ಕೇಳುವುದು, ಹುಟ್ಟುವುದು, ಬಾಡಿಗೆ, ಇವೆಲ್ಲ ತಾವು ಪಾಠದಲ್ಲಿ ಹೇಳಿಕೊಟ್ಟ ಕನ್ನಡವೇ.

ದುರ್ಗದಬೈಲ್

ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ತೊಂದರೆಯಾಗುವುದು ಅಂಕಿಯಲ್ಲಿ. ಬೆಂಗಳೂರಿನ ನನ್ನ ಸಹೋದ್ಯೋಗಿಯನ್ನು ದುರ್ಗದ ಬೈಲಿನ ಪೇಟೆಗೆ ಕರೆದುಕೊಂಡು ಹೋಗಿದ್ದೆ. ಬೆಡ್‌ಶೀಟಿಗೆ ಅಂಗಡಿಯವರು ‘ಸವ್ವಾ ನೂರು ಕೊಡ್ರಿ ಸಾವ್ಕಾರ್ರ’ ಎಂದರು. ಅವನಿಗೆ ಕೊನೆಯ ನೂರಷ್ಟೇ ಕಿವಿಗೆ ಬಿದ್ದು, ನೂರರ ನೋಟು ಕೊಟ್ಟು ಹೊರಟ. ಹಿಂದಿನಿಂದ ಕರೆದಾಗ, ಬೆಲೆ ಹೇಳಿ ಬದಲಿಸುತ್ತಾರೆ ಎಂದು ಸಿಟ್ಟಾದ. ಸವ್ವಾ ನೂರು ಎಂದರೆ 125, ದೀಡ್ ನೂರು ಎಂದರೆ 150, ಅಡೀಚ್ ನೂರು ಎಂದರೆ 250. ಮರಾಠಿ, ಹಿಂದಿಗಳ ಒಡನಾಟದಿಂದ ಬಂದ ಈ ಲೆಕ್ಕ ನಮ್ಮ ಹಿರಿಯರಿಗೆ ‘ನೂರಾ ಇಪ್ಪತ್ತೈದು’ ಎನ್ನುವುದಕ್ಕಿಂತ ಸಲೀಸು. ಮೇಲಿನ ಚಾಲಕರ ಒಂದೂವರೆಗೆ ನಾವು ದೀಡ್ ಎಂದೇ ಅನ್ನುತ್ತೇವೆ, ಆದರೆ ನಮ್ಮಲ್ಲಿ ದೀಡ್ ನೂರು ಎಂದು ಪೂರ್ತಿ ಹೇಳುವುದರಿಂದ ಆ ಹುಡುಗನಂತೆ ಯಾರೂ ಮೋಸಹೋಗುವುದಿಲ್ಲ.

ಪಾವು ಎಂಬ ಪದದಲ್ಲೂ ಇದೇ ಪಜೀತಿ. ಮೈಸೂರು ಕಡೆ ನಾಲ್ಕು ಪಾವು ಸೇರಿದರೆ ಒಂದು ಸೇರು, ಅದು ಅಳತೆ. ನಮ್ಮಲ್ಲಿ ಪಾವ್ ಕಿಲೊ ಎಂದರೆ ಕಾಲು ಕಿಲೊ, ಅದು ತೂಕ. ‘ಒಂದು ಪಾವ್ ಮೆಣಸಿನಕಾಯಿ’ ಎಂದು ಕೇಳಿದರೆ ಬೆಂಗಳೂರಿನವರು ಮೆಣಸಿನಕಾಯಿಯನ್ನು ಪಾವಿನಲ್ಲಿ ಅಳೆಯುತ್ತಾರೆಯೇ ಎಂದು ನಗುತ್ತಾರೆ.

ಸಂಬೋಧನೆಯದು ಇನ್ನೊಂದು ಕಥೆ. ‘ಸಾವ್ಕಾರ್ರ’ ಎಂದರೆ ಶ್ರೀಮಂತನೆಂದು ಗುರುತಿಸಿ ಬೆಲೆ ಏರಿಸುತ್ತಿದ್ದಾರೆ ಎಂದು ನನ್ನ ಸಹೋದ್ಯೋಗಿ ಊಹಿಸಿದ. ಹರಿದ ಚಪ್ಪಲಿ ಹಾಕಿದವನನ್ನೂ ನಾವು ಹಾಗೆಯೇ ಕರೆಯುತ್ತೇವೆ. ಹಾಗೆಯೇ ಟಂಟಂ ಚಾಲಕ ‘ಸ್ಪೆಷಲ್ ಏನ್ರಿ?’ ಎಂದು ಕೇಳಿದರೆ, ಗಾಡಿಯನ್ನು ಪೂರ್ತಿ ನಿಮಗೊಬ್ಬರಿಗೇ ಹಿಡಿಯುತ್ತೀರಾ ಎಂದು. ಒಳ್ಳೆಯ ಗಾಡಿ ಇರಬೇಕೆಂದು ಹೂಂ ಎಂದವರು ಆರು ಜನರ ದುಡ್ಡು ಕೊಟ್ಟು ಇಳಿಯಬೇಕಾಗುತ್ತದೆ.

ಹೊಸಕೆರೆ

ರಾತ್ರಿಯ ದರದ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ಒಪ್ಪುತ್ತೇನೆ. ಬೋಣಿಯ ವಿಷಯದಲ್ಲಿ ಅರ್ಧ ಮಾತ್ರ ಒಪ್ಪುತ್ತೇನೆ. ಆದರೆ ಇನ್ನೊಂದು ಕಿರಿಕಿರಿ ಇದೆ. ‘ಗ್ಯಾಸ್ ಹಾಕಿಸಬೇಕು, ಆ ಕಡೆ ಬರಲ್ಲ’ ಎನ್ನುವುದು ಸುಳ್ಳೇ ಅಲ್ಲವೇ? ಅದೇ ಚಾಲಕ ಎರಡು ನಿಮಿಷದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಹೋಗುತ್ತಾನೆ.

ಮೂರು ಚಕ್ರ

ಕೆಲವೊಮ್ಮೆ ಸುಳ್ಳು, ಕೆಲವೊಮ್ಮೆ ನಿಜ. ಗ್ಯಾಸ್ ಬಂಕಿನ ಸಾಲಿನಲ್ಲಿ ಮುಕ್ಕಾಲು ಗಂಟೆ ಹೋಗುವುದುಂಟು. ಗಾಡಿಯಲ್ಲಿ ಗ್ಯಾಸ್ ಕಡಿಮೆ ಇದ್ದಾಗ ಬಂಕ್ ಇರುವ ದಿಕ್ಕಿನ ಬಾಡಿಗೆಯನ್ನು ಮಾತ್ರ ಹಿಡಿಯುತ್ತೇವೆ. ತಮ್ಮನ್ನು ಬಿಟ್ಟು ಕೂರಿಸಿಕೊಂಡವರು ಆ ದಿಕ್ಕಿನವರಾಗಿರಬಹುದು. ‘ಗಾಡಿ ಬಿಡೋ ಟೈಮು’ ಎಂಬುದೂ ಹೀಗೆಯೇ, ಒಂದೇ ಗಾಡಿಯನ್ನು ಹಗಲು ಒಬ್ಬ, ರಾತ್ರಿ ಒಬ್ಬ ಓಡಿಸುವಾಗ ಸಂಜೆ ಹೊತ್ತಿಗೆ ಒಪ್ಪಿಸುವ ಜಾಗಕ್ಕೆ ಸೇರಲೇಬೇಕು. ತಿಳಿಯಬೇಕೆಂದರೆ ‘ಯಾವ ಕಡೆ ಹೋಗ್ತಿದ್ದೀರಾ ಅಣ್ಣ?’ ಎಂದು ಕೇಳಿ. ನಿಜವಾಗಿ ಹೋಗುತ್ತಿರುವವನು ಊರಿನ ಹೆಸರನ್ನು ತಕ್ಷಣ ಹೇಳುತ್ತಾನೆ, ನೆಪ ಹೇಳುವವನು ಮುಖ ತಿರುಗಿಸುತ್ತಾನೆ. ಅಂತಹವನನ್ನು ನಾನು ಸಮರ್ಥಿಸುವುದಿಲ್ಲ.

ಶಂಕರಪುರದವಳು

ಭಾನುವಾರ ಮತ್ತೆ ಹೋಗಿದ್ದೆ. ಅದೇ ಮೊರದವರು, ಗುರುತು ಹಿಡಿದರು, ಆದರೆ ನಗಲಿಲ್ಲ. ಈ ಸಲ 300 ಎಂದು ಹೇಳಿದರು. ನಾನು ಇನ್ನೂರಕ್ಕೆ ಕೇಳಿದೆ. ‘ಅವತ್ತಿಂದು ಅವತ್ತಿಗೆ ಆಯ್ತು ಅಕ್ಕಾ, ಬೋಣಿ ಆಗೋಗದೆ’ ಎಂದರು. ಇನ್ನೂರ ಇಪ್ಪತ್ತು ಎಂದಾಗ ‘ಬರಲ್ಲ’ ಎಂದರು, ಆದರೆ ಕೈ ಹಗ್ಗದ ಕಡೆ ಹೋಗಿ ಮೊರಕ್ಕೆ ಸುತ್ತತೊಡಗಿತ್ತು. ತರಕಾರಿ ಗಾಡಿಯವರ ತಂದೆಯ ಮಾತು ನೆನಪಾಗಿ ಹತ್ತು ರೂಪಾಯಿ ಮಾತ್ರ ಏರಿಸಿದೆ. 230ಕ್ಕೆ ಬಿಟ್ಟರು.

ಅಲ್ಲಿಂದ ಸೊಪ್ಪು ಕೊಳ್ಳಲು ಹೋದೆ. ತರಕಾರಿಯ ಜೊತೆ ಕರಿಬೇವನ್ನು ಸುಮ್ಮನೆ ಹಾಕಿದರು. ಅದಕ್ಕೂ ಹಣ ಕೊಡಲು ಹೋದರೆ ಬೇಸರಪಟ್ಟುಕೊಂಡರು. ಇದನ್ನು ಕೇಳಿ ಪಡೆಯುವುದು ಸರಿಯೇ?

ತರಕಾರಿ ಗಾಡಿ

ಅದು ಕೊಸರು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಸೇರು ಅಳೆದ ಮೇಲೆ ಒಂದು ಹಿಡಿ ಮೇಲೆ ಹಾಕುತ್ತಾರಲ್ಲ, ಅದೇ. ಅದಕ್ಕೆ ಹಣ ಕೊಡಲು ಹೋದರೆ ಅವರು ಪ್ರೀತಿಯಿಂದ ಕೊಟ್ಟದ್ದಕ್ಕೆ ಬೆಲೆ ಕಟ್ಟಿದಂತಾಗುತ್ತದೆ. ಕೇಳುವುದರಲ್ಲಿ ತಪ್ಪಿಲ್ಲ, ಆದರೆ ದುಡ್ಡು ಕೊಟ್ಟ ಮೇಲೆ, ಚೀಲ ಕೈಗೆ ಬಂದ ಮೇಲೆ ಕೇಳಬೇಕು. ಚೌಕಾಸಿಯ ನಡುವೆ ಕೇಳಿದರೆ ಅದು ಬೆಲೆಯ ಭಾಗವಾಗಿಬಿಡುತ್ತದೆ.

ಹೊಸಕೆರೆ

ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಕರಿಬೇವನ್ನು ಆ ವ್ಯಾಪಾರಿಯೂ ದುಡ್ಡು ಕೊಟ್ಟೇ ತಂದಿರುತ್ತಾನೆ. ಕೊಸರು ಕೇಳುವುದು ನಮ್ಮ ಕೆಟ್ಟ ಅಭ್ಯಾಸ. ಕೊಟ್ಟರೆ ತೆಗೆದುಕೊಳ್ಳಿ, ಕೇಳಬೇಡಿ.

ದುರ್ಗದಬೈಲ್

ಕೇಳದೇ ಹೋದರೆ ನಮ್ಮ ಕಡೆ ‘ಯಾಕ್ರೀ, ಸಿಟ್ಟಾಗೀರೇನು?’ ಎನ್ನುತ್ತಾರೆ. ಇದು ಊರಿಂದ ಊರಿಗೆ ಬೇರೆ.

ಶಂಕರಪುರದವಳು

ಕೊನೆಯದಾಗಿ ಒಂದು. ಮೊರ ಹೊತ್ತುಕೊಂಡು ಆಟೊ ಹತ್ತಿದಾಗ ಎಷ್ಟಾಗುತ್ತದೆ ಎಂದು ಕೇಳಿದ್ದಕ್ಕೆ ಚಾಲಕರು ‘ನೋಡಿ ಕೊಡಿ’ ಎಂದರು. ಇಳಿಯುವಾಗ ಅರವತ್ತು ಕೊಟ್ಟೆ. ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು, ಏನೂ ಹೇಳದೆ ಹೋದರು. ಕಡಿಮೆಯಾಯಿತೇ, ಹೆಚ್ಚಾಯಿತೇ ಎಂದು ಇನ್ನೂ ತಿಳಿದಿಲ್ಲ.

ಮೂರು ಚಕ್ರ

ಎಷ್ಟು ದೂರ ಹೋದಿರಿ ಎಂದು ತಿಳಿಸಿದರೆ ಹೇಳಬಹುದು, ಆದರೆ ಮೈಸೂರಿನ ದರ ನನಗೆ ಬಾಯಿಪಾಠವಿಲ್ಲ. ಮೊರವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದಿರೋ, ಹಿಂದಿನ ಲಗೇಜ್ ಜಾಗದಲ್ಲಿ ಇಟ್ಟಿದ್ದಿರೋ? ಹೆಚ್ಚಾಗಿದ್ದರೆ ‘ಸರಿ ಅಕ್ಕಾ’ ಎಂದಾದರೂ ಅಂದಿರುತ್ತಿದ್ದರು. ಇನ್ನು ಮುಂದೆ ‘ನೋಡಿ ಕೊಡಿ’ ಎಂದವನಿಗೆ ಹತ್ತುವ ಮೊದಲೇ ‘ಇಲ್ಲ ಅಣ್ಣ, ನೀವೇ ಹೇಳಿ’ ಎನ್ನಿ. ಅವನು ಹೇಳುತ್ತಾನೆ, ಆಮೇಲೆ ತಾವು ಕೇಳಿ.